ತಪ್ಪು ಆಯ್ಕೆಯೂ ಮಾತಾಡಬೇಕು: ಹತ್ತನೇ ತರಗತಿಯ ‘ವಿದ್ಯುಚ್ಛಕ್ತಿ’ ಅಧ್ಯಾಯಕ್ಕೆ ಬಹು ಆಯ್ಕೆ ಪ್ರಶ್ನೆ ಬರೆಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ವಿಜ್ಞಾನ ಶಿಕ್ಷಕರ ಜೊತೆ ಮಾತಿಗೆ ಕೂತಾಗ, ಅವರು ಬರೆದು ಕಳಿಸಿದಾಗ, ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುವ ತಂದೆತಾಯಿ ವಿಚಾರಿಸಿದಾಗ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳು ಇವು. ಕೇಳಿದವರ ಮಾತನ್ನು ಹಾಗೇ ಇಟ್ಟಿದ್ದೇನೆ. ಒಂದೇ ಅಧ್ಯಾಯ ಹಿಡಿದು ಹೊರಟಿದ್ದಕ್ಕೆ ಕಾರಣವಿದೆ: ಒಳ್ಳೆಯ ತಪ್ಪು ಆಯ್ಕೆ ಎಂಬುದು ಆ ಪಾಠದೊಳಗಿಂದಲೇ ಹುಟ್ಟುತ್ತದೆ. ಬೆಳಕಿನ ಪಾಠಕ್ಕೆ ಬರೆದ ಆಯ್ಕೆಗಳು ವಿದ್ಯುತ್ತಿನ ಪಾಠಕ್ಕೆ ಒದಗುವುದಿಲ್ಲ.

## ಶುರು ಮಾಡುವವರಿಗೆ

ಬಹು ಆಯ್ಕೆ ಪ್ರಶ್ನೆ ಅಂದ್ರೆ ಒಂದಕ್ಕೆ ಗುರುತು ಹಾಕಿ ಮುಂದೆ ಹೋಗೋದು ತಾನೆ? ಮಗುಗೆ ಅರ್ಥ ಆಗಿದೆಯೋ ಇಲ್ವೋ ಅದ್ರಿಂದ ಹೇಗೆ ಗೊತ್ತಾಗುತ್ತೆ?

2021ರ ಜುಲೈನಲ್ಲಿ ಕೋವಿಡ್ ಕಾರಣದಿಂದ ಎಸ್ಸೆಸ್ಸೆಲ್ಸಿ ಪರೀಕ್ಷೆ ಪೂರ್ತಿಯಾಗಿ ಬಹು ಆಯ್ಕೆಯಲ್ಲೇ ನಡೆದಾಗ ಈ ಸಂದೇಹವನ್ನು ಎಷ್ಟೋ ಜನ ಎತ್ತಿದರು. ಸಂದೇಹ ಸರಿಯಾದದ್ದೇ. ಆದರೆ ಅದು ಮುಟ್ಟಬೇಕಾದದ್ದು ಪ್ರಶ್ನೆಯ ರೂಪವನ್ನಲ್ಲ, ಆಯ್ಕೆಗಳನ್ನು.

‘ವಿದ್ಯುತ್ ಪ್ರವಾಹದ ಏಕಮಾನ ಯಾವುದು?’ ಎಂದು ಕೇಳಿ ಆಂಪಿಯರ್, ವೋಲ್ಟ್, ಓಮ್, ವ್ಯಾಟ್ ಎಂದು ಕೊಟ್ಟರೆ ನೆನಪು ಮಾತ್ರ ತಿಳಿಯುತ್ತದೆ. ವೋಲ್ಟ್ ಎಂದು ಬರೆದ ಹುಡುಗಿ ಪ್ರವಾಹವನ್ನೂ ವಿಭವಾಂತರವನ್ನೂ ಒಂದೇ ಎಂದುಕೊಂಡಿದ್ದಾಳೋ, ಬರೀ ಹೆಸರು ಮರೆತಿದ್ದಾಳೋ ಹೇಳಲಾಗದು. ಅದರ ಬದಲು, ‘ಬಲ್ಬಿಗೆ ಹೋಗುವ ತಂತಿಯಲ್ಲಿ 0.3 ಆಂಪಿಯರ್ ಪ್ರವಾಹವಿದೆ. ಬಲ್ಬಿನಿಂದ ಬ್ಯಾಟರಿಗೆ ಮರಳುವ ತಂತಿಯಲ್ಲಿ ಎಷ್ಟಿರುತ್ತದೆ?’ ಎಂದು ಕೇಳಿ, ‘0.3 ಆಂಪಿಯರ್’, ‘0.3ಕ್ಕಿಂತ ಕಡಿಮೆ, ಆದರೆ ಸೊನ್ನೆಯಲ್ಲ’, ‘ಸೊನ್ನೆ’ ಎಂದು ಮೂರು ಆಯ್ಕೆ ಕೊಟ್ಟು ನೋಡಿ. ಎರಡನೆಯದನ್ನು ಆರಿಸಿದ ಮಗು, ಬಲ್ಬು ಪ್ರವಾಹದಲ್ಲಿ ಒಂದಿಷ್ಟನ್ನು ‘ತಿನ್ನುತ್ತದೆ’ ಎಂದು ನಂಬಿದೆ. ಮೂರನೆಯದನ್ನು ಆರಿಸಿದ ಮಗುವಿಗೆ ಮರಳುವ ತಂತಿ ಯಾಕೆ ಬೇಕು ಎಂಬುದೇ ಹೊಳೆದಿಲ್ಲ. ತಪ್ಪಾದರೂ ಎರಡೂ ಉತ್ತರ ನಮಗೆ ಬೇರೆ ಬೇರೆ ಸುದ್ದಿ ತಂದವು.

ವಿದ್ಯುಚ್ಛಕ್ತಿ ಪಾಠದಲ್ಲಿ ಮಕ್ಕಳು ತಪ್ಪು ತಿಳಿಯೋದು ಮುಖ್ಯವಾಗಿ ಯಾವುದನ್ನ?

ಬೇರೂರಿರುವ ಕಲ್ಪನೆಗಳು ಬೆರಳೆಣಿಕೆಯಷ್ಟೇ. ಪ್ರಪಂಚದ ಬೇರೆ ಬೇರೆ ಭಾಗಗಳ ಮಕ್ಕಳಲ್ಲಿ ಅವೇ ಕಾಣುತ್ತವೆ. ನ್ಯೂಜಿಲೆಂಡಿನ ರೋಜರ್ ಓಸ್‌ಬಾರ್ನ್ 1980ರ ದಶಕದ ಆರಂಭದಲ್ಲಿ, ಬ್ಯಾಟರಿ ಮತ್ತು ಬಲ್ಬಿನ ಸರಳ ಮಂಡಲವನ್ನು ಮಕ್ಕಳು ಹೇಗೆ ವಿವರಿಸುತ್ತಾರೆ ಎಂದು ಕೇಳುತ್ತಾ ಹೋಗಿ ನಾಲ್ಕು ಬಗೆಯ ಚಿತ್ರ ಕಂಡರು. ಒಂದು, ಒಂದೇ ತಂತಿಯಲ್ಲಿ ಪ್ರವಾಹ ಬಂದು ಬಲ್ಬಿನಲ್ಲಿ ಮುಗಿದುಹೋಗುತ್ತದೆ. ಎರಡು, ಧನ ತುದಿಯಿಂದಲೂ ಋಣ ತುದಿಯಿಂದಲೂ ಪ್ರವಾಹ ಹೊರಟು ಬಲ್ಬಿನಲ್ಲಿ ಡಿಕ್ಕಿ ಹೊಡೆದು ಬೆಳಕಾಗುತ್ತದೆ. ಮೂರು, ಪ್ರವಾಹ ಸುತ್ತುತ್ತದೆ, ಆದರೆ ಬಲ್ಬಿನಲ್ಲಿ ಸ್ವಲ್ಪ ಖರ್ಚಾಗಿ ಕಡಿಮೆ ಮರಳುತ್ತದೆ. ನಾಲ್ಕನೆಯದು ಸರಿಯಾದ ಚಿತ್ರ. ಇವುಗಳ ಜೊತೆಗೆ ಹತ್ತನೇ ತರಗತಿಯ ಮಟ್ಟದಲ್ಲಿ ಇನ್ನೊಂದನ್ನು ಸೇರಿಸಬೇಕು: ಏನೇ ಜೋಡಿಸಿದರೂ ಬ್ಯಾಟರಿ ಒಂದೇ ಪ್ರಮಾಣದ ಪ್ರವಾಹ ಕೊಡುತ್ತದೆ ಎಂಬ ನಂಬಿಕೆ.

ಕನ್ನಡದ ಮಕ್ಕಳಿಗೆ ಮೂರನೆಯ ಚಿತ್ರ ಬಿಡುವುದು ಇನ್ನೂ ಕಷ್ಟ. ಕಾರಣ ನಮ್ಮ ಮಾತಿನಲ್ಲೇ ಇದೆ. ‘ಕರೆಂಟ್ ಹೋಯ್ತು’, ‘ಕರೆಂಟ್ ಬಿಲ್ ಜಾಸ್ತಿ ಬಂತು’, ‘ಸುಮ್ನೆ ಕರೆಂಟ್ ಖರ್ಚು ಮಾಡ್ಬೇಡ’, ‘ಕರೆಂಟ್ ಹೊಡೀತು’. ಈ ನಾಲ್ಕು ಮಾತಿನಲ್ಲಿ ‘ಕರೆಂಟ್’ ಒಮ್ಮೆ ಪೂರೈಕೆ, ಒಮ್ಮೆ ಶಕ್ತಿ, ಒಮ್ಮೆ ಆಘಾತ. ಬಿಲ್ಲಿನಲ್ಲಿ ಲೆಕ್ಕವಾಗುವ ಯೂನಿಟ್ ಅಂದರೆ ಕಿಲೋವ್ಯಾಟ್ ಗಂಟೆ, ಅದು ಶಕ್ತಿಯ ಅಳತೆ. ಖರ್ಚಾಗುವುದು ಶಕ್ತಿ, ಪ್ರವಾಹವಲ್ಲ. ಶಾಲೆಯಲ್ಲಿ ‘ವಿದ್ಯುತ್ ಪ್ರವಾಹ’ ಎಂದು ಓದಿದ ಮಗು ಮನಸ್ಸಿನಲ್ಲಿ ಅದನ್ನು ‘ಕರೆಂಟ್’ ಎಂದೇ ತರ್ಜುಮೆ ಮಾಡಿಕೊಳ್ಳುತ್ತದೆ. ಕರೆಂಟ್ ಖರ್ಚಾಗುತ್ತದೆ ಎಂದು ಮನೆಯಲ್ಲಿ ದಿನವೂ ಕೇಳಿದೆ. ಹಾಗಾಗಿ ಪ್ರಶ್ನೆಯಲ್ಲಿ ‘ಕರೆಂಟ್’ ಎಂದು ಬರೆಯಬೇಡಿ. ಆದರೆ ಪಾಠ ಮಾಡುವಾಗ ಈ ಎರಡು ಅರ್ಥಗಳನ್ನು ಬಾಯಿಬಿಟ್ಟು ಬೇರ್ಪಡಿಸಿ.

ಸರಿ ಉತ್ತರ ಬರೆಯೋದು ಸುಲಭ. ಉಳಿದ ಮೂರು ತಪ್ಪು ಆಯ್ಕೆ ಎಲ್ಲಿಂದ ತರೋದು?

ಮಕ್ಕಳಿಂದ. ಮೇಜಿನ ಮುಂದೆ ಕೂತು ನಾವು ಕಲ್ಪಿಸಿಕೊಂಡ ತಪ್ಪುಗಳು ನಮ್ಮ ತಪ್ಪುಗಳು, ಮಕ್ಕಳದ್ದಲ್ಲ.

ನಾನು ಮಾಡುವುದು ಹೀಗೆ. ಆಯ್ಕೆಗಳಿಲ್ಲದೆ ಪ್ರಶ್ನೆಯನ್ನು ಬೋರ್ಡಿನ ಮೇಲೆ ಬರೆದು, ಕಾಲು ಹಾಳೆ ಕಾಗದದಲ್ಲಿ ಉತ್ತರವನ್ನೂ ‘ಏಕೆಂದರೆ…’ ಎಂದು ಒಂದು ಸಾಲು ಕಾರಣವನ್ನೂ ಬರೆಸುತ್ತೇನೆ. ಹೆಸರು ಬೇಡ, ಅಂಕವೂ ಇಲ್ಲ. ಚೀಟಿಗಳನ್ನು ಉತ್ತರದ ಪ್ರಕಾರವಲ್ಲ, ಕಾರಣದ ಪ್ರಕಾರ ಗುಂಪು ಮಾಡುತ್ತೇನೆ. ‘ಕಡಿಮೆ ಇರುತ್ತೆ, ಯಾಕಂದ್ರೆ ಬಲ್ಬು ಉರಿಯೋಕೆ ಬಳಸಿಕೊಳ್ತು’ ಎಂಬುದು ಒಂದು ಗುಂಪು. ‘ಕಡಿಮೆ ಇರುತ್ತೆ, ಯಾಕಂದ್ರೆ ತಂತಿ ಉದ್ದ’ ಎಂಬುದು ಬೇರೆಯದೇ ಗುಂಪು, ಉತ್ತರ ಒಂದೇ ಆದರೂ. ದೊಡ್ಡ ಗುಂಪುಗಳು ಆಯ್ಕೆಗಳಾಗುತ್ತವೆ. ಒಬ್ಬರೋ ಇಬ್ಬರೋ ಬರೆದದ್ದನ್ನು ಬಿಡುತ್ತೇನೆ. ಆಯ್ಕೆಯ ಮಾತನ್ನು ಆದಷ್ಟು ಮಕ್ಕಳ ವಾಕ್ಯಕ್ಕೆ ಹತ್ತಿರ ಇಡುತ್ತೇನೆ. ಅದನ್ನು ತಿದ್ದಿ ಗ್ರಾಂಥಿಕ ಮಾಡಿದರೆ ಅದೇ ಯೋಚನೆ ಇರುವ ಮಗುವಿಗೂ ‘ಇದು ನನ್ನ ಮಾತು’ ಎಂದು ಅನ್ನಿಸುವುದಿಲ್ಲ.

## ಪ್ರಶ್ನೆ ಬರೆಯುವಾಗ

ಒಂದು ಪ್ರಶ್ನೆನ ಶುರುವಿಂದ ಕೊನೆವರೆಗೆ ಬರೆದು ತೋರಿಸ್ತೀರಾ?

ಸರಣಿ ಜೋಡಣೆಯನ್ನೇ ತೆಗೆದುಕೊಳ್ಳೋಣ. ಮೊದಲಿಗೆ ನನಗೆ ಹೊಳೆದದ್ದು ಎರಡು ಬಲ್ಬಿನ ಪ್ರಶ್ನೆ: ಒಂದೇ ಬಗೆಯ ಎರಡು ಬಲ್ಬುಗಳನ್ನು ಸರಣಿಯಲ್ಲಿ ಜೋಡಿಸಿದರೆ ಯಾವುದು ಹೆಚ್ಚು ಬೆಳಗುತ್ತದೆ? ಪ್ರವಾಹ ಖರ್ಚಾಗುತ್ತದೆ ಎನ್ನುವ ಮಗು ‘ಮೊದಲನೆಯದು’ ಎನ್ನುತ್ತದೆ. ಅಲ್ಲಿಗೆ ಪ್ರಶ್ನೆ ಸಾಕು ಎನಿಸಿತ್ತು. ಆಮೇಲೆ ಡಿಕ್ಕಿಯ ಚಿತ್ರ ಇಟ್ಟುಕೊಂಡ ಮಗುವಿನ ಕಣ್ಣಿನಿಂದ ನೋಡಿದೆ. ಅದರ ಪ್ರಕಾರ ಎರಡು ಕಡೆಯಿಂದಲೂ ಪ್ರವಾಹ ಬರುತ್ತದೆ, ಒಂದೊಂದು ಬಲ್ಬಿಗೆ ಒಂದೊಂದು ಕಡೆಯದು. ಹಾಗಾದರೆ ಎರಡೂ ಸಮವಾಗಿ ಬೆಳಗಬೇಕು! ತಪ್ಪು ಯೋಚನೆಯಿಂದ ಸರಿ ಉತ್ತರ ಬಂದುಬಿಟ್ಟಿತು. ಪ್ರಶ್ನೆ ಸೋತದ್ದು ಅಲ್ಲಿ.

ಮೂರನೆಯ ಬಲ್ಬು ಸೇರಿಸಿದರೆ ದಾರಿಗಳು ಬೇರೆಯಾಗುತ್ತವೆ.

ಪ್ರಶ್ನೆ: ಎಲ್ಲ ರೀತಿಯಲ್ಲೂ ಒಂದೇ ಆಗಿರುವ ಕ, ಖ, ಗ ಎಂಬ ಮೂರು ಬಲ್ಬುಗಳನ್ನು ಬ್ಯಾಟರಿಯ ಧನ ತುದಿಯಿಂದ ಋಣ ತುದಿಯವರೆಗೆ ಇದೇ ಕ್ರಮದಲ್ಲಿ ಸರಣಿಯಲ್ಲಿ ಜೋಡಿಸಿದೆ. ಮೂರೂ ಉರಿಯುತ್ತಿವೆ. ಅವುಗಳ ಬೆಳಕು ಹೇಗಿರುತ್ತದೆ?

(ಎ) ಕ ಹೆಚ್ಚು, ಖ ಅದಕ್ಕಿಂತ ಕಡಿಮೆ, ಗ ಎಲ್ಲಕ್ಕಿಂತ ಕಡಿಮೆ
(ಬಿ) ಕ ಮತ್ತು ಗ ಸಮ, ಖ ಅವುಗಳಿಗಿಂತ ಬೇರೆ
(ಸಿ) ಮೂರೂ ಸಮ
(ಡಿ) ಗ ಹೆಚ್ಚು, ಖ ಅದಕ್ಕಿಂತ ಕಡಿಮೆ, ಕ ಎಲ್ಲಕ್ಕಿಂತ ಕಡಿಮೆ

ಎ ಆರಿಸುವುದು ಪ್ರವಾಹ ದಾರಿಯಲ್ಲಿ ಖರ್ಚಾಗುತ್ತದೆ ಎನ್ನುವವರು. ಬಿ ಡಿಕ್ಕಿಯವರದ್ದು, ನಡುವಿನ ಬಲ್ಬಿನಲ್ಲಿ ಡಿಕ್ಕಿಯಾಗಿ ಅದು ಹೆಚ್ಚು ಬೆಳಗುತ್ತದೆ ಎಂದು ಕೆಲವರು, ದೂರವಾದ್ದರಿಂದ ಮಂಕು ಎಂದು ಕೆಲವರು ಹೇಳುವುದರಿಂದ ‘ಬೇರೆ’ ಎಂದಷ್ಟೇ ಇಟ್ಟೆ. ಡಿ ಯಾಕೆ ಎಂದು ಹಲವರು ಕೇಳುತ್ತಾರೆ. ಇಲೆಕ್ಟ್ರಾನುಗಳು ಋಣ ತುದಿಯಿಂದ ಹೊರಡುತ್ತವೆ ಎಂದು ಪಾಠದಲ್ಲಿ ಕೇಳಿಸಿಕೊಂಡ ಜಾಣ ಮಕ್ಕಳು ಇದನ್ನು ಹಿಡಿಯುತ್ತಾರೆ. ಅವರ ತಪ್ಪೂ ಎ ಆರಿಸಿದವರ ತಪ್ಪೇ, ದಿಕ್ಕು ಮಾತ್ರ ತಿರುಗಿದೆ. ಹೀಗಾಗಿ ಲೆಕ್ಕ ಹಾಕುವಾಗ ಎ ಮತ್ತು ಡಿ ಕೂಡಿಸಿ ನೋಡಬೇಕು.

ಇಷ್ಟಾದರೂ ಒಂದು ಬಿರುಕು ಉಳಿಯುತ್ತದೆ. ‘ಬ್ಯಾಟರಿ ಕೊಟ್ಟ ಪ್ರವಾಹವನ್ನು ಮೂರೂ ಬಲ್ಬು ಸಮವಾಗಿ ಹಂಚಿಕೊಳ್ಳುತ್ತವೆ’ ಎಂದು ನಂಬುವ ಮಗುವೂ ಸಿ ಆರಿಸುತ್ತದೆ. ಅದಕ್ಕೊಂದು ಜೊತೆ ಪ್ರಶ್ನೆ ಬೇಕು: ಬ್ಯಾಟರಿ ಮತ್ತು ಕ ನಡುವೆ 0.3 ಆಂಪಿಯರ್ ಇದ್ದರೆ ಕ ಮತ್ತು ಖ ನಡುವೆ ಎಷ್ಟು? 0.1 ಎಂದರೆ ಪ್ರತಿ ಬಲ್ಬಿಗೆ ಒಂದು ಪಾಲು ಎಂಬ ಹಂಚಿಕೆಯ ಯೋಚನೆ. 0.2 ಎಂದರೆ ಒಂದು ಪಾಲು ಕ ತಿಂದು ಉಳಿದದ್ದು ಮುಂದೆ ಹೋಯಿತು ಎಂಬ ಯೋಚನೆ. 0.3 ಸರಿ. ಮೊದಲನೆಯದರಲ್ಲಿ ಸಿ, ಎರಡನೆಯದರಲ್ಲಿ 0.3, ಎರಡೂ ಬಂದ ಮಗುವನ್ನು ಮಾತ್ರ ನಾನು ‘ಅರ್ಥವಾಗಿದೆ’ ಎಂದು ಎಣಿಸುತ್ತೇನೆ.

ಲೆಕ್ಕದ ಪ್ರಶ್ನೆಗೆ ಯಾವ ಸಂಖ್ಯೆ ಕೊಟ್ರೂ ನಡೆಯುತ್ತಾ?

ನಡೆಯುವುದಿಲ್ಲ. ‘2 ಓಮ್‌ನ ಎರಡು ರೋಧಕಗಳನ್ನು ಸಮಾಂತರವಾಗಿ ಜೋಡಿಸಿದಾಗ ಒಟ್ಟು ರೋಧ ಎಷ್ಟು?’ ಎಂಬ ಪ್ರಶ್ನೆಯನ್ನು ಎಷ್ಟೋ ಕಡೆ ನೋಡಿದ್ದೇನೆ. ಸರಿ ಉತ್ತರ 1 ಓಮ್. ಈಗ ಸೂತ್ರದ ಕೊನೆಯ ಹೆಜ್ಜೆ ಮರೆತ ಮಗುವನ್ನು ನೋಡಿ. ಅದು 1/2 + 1/2 = 1 ಎಂದು ಕೂಡಿಸಿ, ತಿರುಗಿಸುವುದನ್ನು ಮರೆತು ಅಲ್ಲೇ ನಿಲ್ಲುತ್ತದೆ. ಉತ್ತರ 1. ಪೂರ್ತಿ ಅಂಕ.

ಅದೇ ಜಾಗಕ್ಕೆ 3 ಓಮ್ ಮತ್ತು 6 ಓಮ್ ಹಾಕಿ. ಸರಿ ಉತ್ತರ 2. ತಿರುಗಿಸಲು ಮರೆತರೆ 1/3 + 1/6 ಎಂದು ಕೂಡಿಸಿದ 0.5 ಬರುತ್ತದೆ. ಸರಣಿಯ ನಿಯಮ ಹಚ್ಚಿದರೆ 9. ‘ಎರಡು ದಾರಿ ಇದ್ದರೆ ನಡುವಿನದ್ದೇನೋ ಇರಬೇಕು’ ಎಂದು ಸರಾಸರಿ ಮಾಡಿದರೆ 4.5. ನಾಲ್ಕು ದಾರಿ, ನಾಲ್ಕು ಬೇರೆ ಸಂಖ್ಯೆ. ಇವುಗಳಲ್ಲಿ 0.5 ಕೈತಪ್ಪು, ಅಭ್ಯಾಸದಿಂದ ಹೋಗುತ್ತದೆ. 4.5 ಮತ್ತು 9 ಆರಿಸಿದವರಿಗೆ ಇನ್ನೂ ಒಳಗಿನ ಮಾತು ಹೇಳಬೇಕು: ಸಮಾಂತರದಲ್ಲಿ ಇನ್ನೊಂದು ದಾರಿ ತೆರೆದರೆ ಒಟ್ಟು ರೋಧ ಇರುವುದರಲ್ಲೇ ಅತಿ ಚಿಕ್ಕದಕ್ಕಿಂತಲೂ ಕಡಿಮೆಯಾಗುತ್ತದೆ, ಇಲ್ಲಿ 3ಕ್ಕಿಂತ ಕಡಿಮೆ.

ಪ್ರಶ್ನೆ ಬರೆದ ಮೇಲೆ ನಿಮಗೆ ತಿಳಿದ ಪ್ರತಿಯೊಂದು ತಪ್ಪು ದಾರಿಯಲ್ಲೂ ಒಮ್ಮೆ ಲೆಕ್ಕ ಮಾಡಿ ನೋಡಿ. ಎರಡು ದಾರಿ ಒಂದೇ ಸಂಖ್ಯೆಗೆ ಬಂದರೆ ಸಂಖ್ಯೆ ಬದಲಿಸಿ. ಸಮ ರೋಧಗಳು, 1 ಮತ್ತು 2 ಎಂಬ ಸಂಖ್ಯೆಗಳು ಈ ತೊಂದರೆಯನ್ನು ಬೇಗ ತರುತ್ತವೆ.

ನಾಲ್ಕು ಆಯ್ಕೆ ಕೊಡಲೇಬೇಕಾ? ನಾಲ್ಕನೇದು ಹೊಳೆಯೋದೇ ಇಲ್ಲ.

ಪಬ್ಲಿಕ್ ಪರೀಕ್ಷೆಯ ಮಾದರಿಗೆ ಬರೆಯುವಾಗ ನಾಲ್ಕು ಬೇಕು. ತರಗತಿಯಲ್ಲಿ ಮಕ್ಕಳ ಯೋಚನೆ ತಿಳಿಯಲು ಬರೆಯುವಾಗ ಮೂರು ಸಾಕು. ಮೈಕಲ್ ರಾಡ್ರಿಗೆಜ್ 2005ರಲ್ಲಿ ಸುಮಾರು 80 ವರ್ಷಗಳ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿ ಬಹುಪಾಲು ಸಂದರ್ಭಗಳಲ್ಲಿ ಮೂರು ಆಯ್ಕೆಯೇ ಅನುಕೂಲ ಎಂಬ ತೀರ್ಮಾನಕ್ಕೆ ಬಂದರು. ಜಾಗ ತುಂಬಲು ಸೇರಿಸಿದ ನಾಲ್ಕನೆಯದನ್ನು ಯಾರೂ ಆರಿಸುವುದಿಲ್ಲ, ಓದುವ ಸಮಯ ಮಾತ್ರ ತಿನ್ನುತ್ತದೆ. ನೂರರಲ್ಲಿ ಐದು ಮಕ್ಕಳಾದರೂ ಆರಿಸದ ಆಯ್ಕೆ ಕೆಲಸ ಮಾಡುತ್ತಿಲ್ಲ ಎಂಬುದು ಪರೀಕ್ಷೆ ರೂಪಿಸುವವರು ಸಾಮಾನ್ಯವಾಗಿ ಬಳಸುವ ಅಳತೆ.

ಪಾಠ ಓದದೇ ಇರೋ ಮಕ್ಕಳೂ ಸರಿ ಉತ್ತರ ಹಿಡೀತಾರಲ್ಲ, ಹೇಗೆ?

ಪ್ರಶ್ನೆಯೇ ಸುಳಿವು ಕೊಟ್ಟಿರುತ್ತದೆ. ಕನ್ನಡದಲ್ಲಿ ಇದು ವಿಭಕ್ತಿಯಿಂದ ಆಗುತ್ತದೆ. ‘ತಾಪ ಬದಲಾಗದಿದ್ದಾಗ ಲೋಹದ ತಂತಿಯಲ್ಲಿನ ಪ್ರವಾಹವು ______ ನೇರ ಅನುಪಾತದಲ್ಲಿರುತ್ತದೆ’ ಎಂದು ಬರೆದು, ಆಯ್ಕೆಗಳಲ್ಲಿ ‘ರೋಧ’, ‘ವಿಭವಾಂತರಕ್ಕೆ’, ‘ಉದ್ದ’ ಎಂದಿದ್ದರೆ ಓಮ್‌ನ ನಿಯಮ ಬೇಕಿಲ್ಲ, ಕನ್ನಡ ಬಂದರೆ ಸಾಕು. ಸರಿ ಉತ್ತರವನ್ನು ಮಾತ್ರ ಉದ್ದವಾಗಿ, ಷರತ್ತುಗಳ ಸಮೇತ ಬರೆಯುವುದೂ ಅಷ್ಟೇ. ‘ಮೇಲಿನ ಎಲ್ಲವೂ’ ಎಂಬುದನ್ನು ಕೈಬಿಡಿ. ಅದನ್ನು ಆರಿಸಿದ ಮಗುವಿನ ಯೋಚನೆ ಯಾವುದೆಂದು ತಿಳಿಯುವುದಿಲ್ಲ.

ಪಠ್ಯದ ಅಭ್ಯಾಸದಲ್ಲೇ ಬಹು ಆಯ್ಕೆ ಪ್ರಶ್ನೆ ಇವೆಯಲ್ಲ, ಅವೇ ಸಾಕಲ್ವಾ?

ಒಳ್ಳೆಯವು ಇವೆ. 220 ವೋಲ್ಟ್, 100 ವ್ಯಾಟ್ ಎಂದು ನಮೂದಿಸಿದ ಬಲ್ಬನ್ನು 110 ವೋಲ್ಟಿಗೆ ಜೋಡಿಸಿದರೆ ಎಷ್ಟು ಸಾಮರ್ಥ್ಯ ಬಳಸುತ್ತದೆ ಎಂಬ ಪ್ರಶ್ನೆ ಎಲ್ಲರಿಗೂ ಗೊತ್ತು. ಆಯ್ಕೆಗಳು 100, 75, 50, 25. ಬಲ್ಬಿನ ರೋಧ 220 × 220 / 100, ಅಂದರೆ 484 ಓಮ್. 110 × 110 / 484 ಎಂದರೆ 25 ವ್ಯಾಟ್. 50 ಆರಿಸಿದವರು ವೋಲ್ಟ್ ಅರ್ಧವಾದರೆ ವ್ಯಾಟೂ ಅರ್ಧ ಎಂದುಕೊಂಡಿದ್ದಾರೆ. ಪ್ರವಾಹವೂ ಜೊತೆಗೆ ಅರ್ಧವಾಯಿತು ಎಂಬುದು ತಪ್ಪಿಹೋಗಿದೆ. 75ಕ್ಕೆ ಕರೆತರುವ ಸಹಜ ಯೋಚನೆ ನನಗೆ ಕಂಡಿಲ್ಲ.

100ರ ವಿಷಯ ಸ್ವಾರಸ್ಯದ್ದು. ‘ಬಲ್ಬಿನ ಮೇಲೆ ಬರೆದದ್ದು ಬದಲಾಗಲ್ಲ’ ಎಂದು ಆರಿಸುವ ಮಕ್ಕಳು ಒಂದು ಕಡೆ. ಹಳ್ಳಿಯ ಮಕ್ಕಳಲ್ಲಿ ಇನ್ನೊಂದು ಕಾರಣವೂ ಇರುತ್ತದೆ: ‘ವೋಲ್ಟೇಜ್ ಕಮ್ಮಿ ಆದ್ರೆ ಮೋಟರ್ ಜಾಸ್ತಿ ಕರೆಂಟ್ ಎಳೆದು ಸುಡುತ್ತೆ.’ ಅದು ಸುಳ್ಳಲ್ಲ. ನೀರೆತ್ತುತ್ತಿರುವ ಪಂಪ್‌ಸೆಟ್ ಮೋಟರ್ ಕಡಿಮೆ ವೋಲ್ಟೇಜಿನಲ್ಲಿ ನಿಜವಾಗಿಯೂ ಹೆಚ್ಚು ಪ್ರವಾಹ ಎಳೆಯುತ್ತದೆ. ಮೋಟರ್ ಹೊರೆ ಹೊತ್ತಿದೆ, ಬಲ್ಬು ಬರೀ ರೋಧಕ. ಈ ಎರಡು ಗುಂಪನ್ನು ಬೇರ್ಪಡಿಸಲು ಪ್ರವಾಹವನ್ನೇ ಕೇಳಿ: 110 ವೋಲ್ಟಿನಲ್ಲಿ ಬಲ್ಬಿನ ಪ್ರವಾಹ ಮೊದಲಿನ ಅರ್ಧವೋ, ಅಷ್ಟೇಯೋ, ಎರಡರಷ್ಟೋ? ಎರಡರಷ್ಟು ಎಂದ ಮಗು ತೋಟದ ಅನುಭವದಿಂದ ಮಾತಾಡುತ್ತಿದೆ. ಅದಕ್ಕೆ ತಪ್ಪು ಎಂದು ಗೆರೆ ಎಳೆದು ಕೂರಿಸುವುದು ಅನ್ಯಾಯ.

ಇನ್ನೊಂದು ಮಾತು. ಬಲ್ಬಿನ ತಂತು ಕಡಿಮೆ ಕಾದಾಗ ಅದರ ರೋಧವೂ ಕಡಿಮೆ. ಹಾಗಾಗಿ ನಿಜವಾದ ಬಲ್ಬು 25ಕ್ಕಿಂತ ಹೆಚ್ಚು ವ್ಯಾಟ್ ಬಳಸುತ್ತದೆ. ‘ರೋಧ ಬದಲಾಗುವುದಿಲ್ಲ ಎಂದು ತಿಳಿಯಿರಿ’ ಎಂಬ ಒಂದು ಸಾಲು ಪ್ರಶ್ನೆಯಲ್ಲಿರಲಿ.

## ಉತ್ತರಗಳು ಕೈಗೆ ಬಂದ ಮೇಲೆ

ಯಾವ ಆಯ್ಕೆಗೆ ಎಷ್ಟು ಜನ ಅಂತ ಎಣಿಸಿದೆ. ಈಗ ಇದನ್ನ ಓದೋದು ಹೇಗೆ?

40 ಮಕ್ಕಳ ತರಗತಿಯಲ್ಲಿ ಮೂರು ಬಲ್ಬಿನ ಪ್ರಶ್ನೆಗೆ ಎ 17, ಬಿ 5, ಸಿ 14, ಡಿ 4 ಬಂತು ಎಂದುಕೊಳ್ಳಿ. ಎಲ್ಲರೂ ಕಣ್ಣುಮುಚ್ಚಿ ಗುರುತು ಹಾಕಿದ್ದರೆ ಪ್ರತಿ ಆಯ್ಕೆಗೆ ಹತ್ತರ ಸುಮಾರಿಗೆ ಬರಬೇಕಿತ್ತು. ಎ ಕಡೆಗೆ ಇಷ್ಟು ವಾಲಿದ್ದು ಊಹೆಯಲ್ಲ, ನಂಬಿಕೆ. ಎ ಮತ್ತು ಡಿ ಕೂಡಿದರೆ 21. ಅರ್ಧಕ್ಕಿಂತ ಹೆಚ್ಚು ಮಕ್ಕಳ ಮನಸ್ಸಿನಲ್ಲಿ ಪ್ರವಾಹ ಖರ್ಚಾಗುತ್ತಿದೆ. ನಾಳೆ ಓಮ್‌ನ ನಿಯಮದ ಲೆಕ್ಕಕ್ಕೆ ಹೋಗುವ ಮೊದಲು ಇದನ್ನು ಬಿಡಿಸಬೇಕು.

ಎಣಿಕೆ ಅಷ್ಟಕ್ಕೇ ನಿಲ್ಲಬಾರದು. ಇಡೀ ಕಿರುಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದ ಹದಿಮೂರು ಮಕ್ಕಳು, ಕಡಿಮೆ ಪಡೆದ ಹದಿಮೂರು ಮಕ್ಕಳು, ಈ ಪ್ರಶ್ನೆಗೆ ಏನು ಆರಿಸಿದರು ಎಂದು ಬೇರೆ ಬೇರೆ ನೋಡಿ. ಮೇಲಿನ ಗುಂಪಿನಲ್ಲಿ ಸಿ ಹೆಚ್ಚಿದ್ದರೆ ಪ್ರಶ್ನೆ ಸರಿಯಾಗಿ ಕೆಲಸ ಮಾಡುತ್ತಿದೆ. ಮೇಲಿನ ಗುಂಪಿನವರೇ ಒಂದು ತಪ್ಪು ಆಯ್ಕೆಯನ್ನು ಕೆಳಗಿನವರಿಗಿಂತ ಹೆಚ್ಚು ಆರಿಸಿದ್ದರೆ ಮೊದಲು ನಿಮ್ಮ ಪ್ರಶ್ನೆಯನ್ನೇ ಅನುಮಾನಿಸಿ: ಎರಡು ಅರ್ಥ ಬರುತ್ತಿದೆಯೇ? ಚಿತ್ರದಲ್ಲಿ ತಂತಿ ತಪ್ಪಾಗಿ ಸೇರಿದೆಯೇ? ಇಲ್ಲವೆಂದಾದರೆ ಮಾತ್ರ, ಪಾಠ ಹೇಳಿದ ರೀತಿಯೇ ಆ ತಪ್ಪನ್ನು ಬಿತ್ತಿರಬಹುದೇ ಎಂದು ಯೋಚಿಸಿ.

ಸರಿ ಉತ್ತರ ಹಾಕಿದಾನೆ, ಆದ್ರೆ ಯಾಕೆ ಅಂತ ಕೇಳಿದ್ರೆ ಏನೇನೋ ಹೇಳ್ತಾನೆ. ಇದಕ್ಕೇನು ಮಾಡೋದು?

ಕಾರಣವನ್ನೂ ಆಯ್ಕೆಯೊಳಗೆ ತನ್ನಿ. ಆಸ್ಟ್ರೇಲಿಯಾದ ಡೇವಿಡ್ ಟ್ರೆಗಸ್ಟ್ 1980ರ ದಶಕದಲ್ಲಿ ಎರಡು ಹಂತದ ಪ್ರಶ್ನೆಗಳನ್ನು ರೂಪಿಸಿದರು. ಮೊದಲ ಹಂತದಲ್ಲಿ ಉತ್ತರ, ಎರಡನೆಯದರಲ್ಲಿ ಅದಕ್ಕೆ ಕಾರಣ. ಎರಡೂ ಸರಿಯಾದರೆ ಮಾತ್ರ ಅಂಕ.

ಇದು ಬಹಳ ಒದಗುವುದು ‘ಮುಂದಿನದ್ದು ಹಿಂದಿನದ್ದಕ್ಕೆ ತಾಗುವುದಿಲ್ಲ’ ಎಂಬ ಕಲ್ಪನೆಗೆ. ಧನ ತುದಿಯಿಂದ ಮೊದಲು ಬಲ್ಬು, ಆಮೇಲೆ 10 ಓಮ್ ರೋಧಕ, ಅಲ್ಲಿಂದ ಋಣ ತುದಿ. ರೋಧಕವನ್ನು ತೆಗೆದು 30 ಓಮ್‌ನದ್ದು ಹಾಕಿದರೆ ಬಲ್ಬಿನ ಬೆಳಕು ಏನಾಗುತ್ತದೆ? ಸರಿ ಉತ್ತರ ‘ಕಡಿಮೆಯಾಗುತ್ತದೆ’, ಏಕೆಂದರೆ ಮಂಡಲದ ಒಟ್ಟು ರೋಧ ಹೆಚ್ಚಿ ಎಲ್ಲ ಕಡೆಯೂ ಪ್ರವಾಹ ತಗ್ಗುತ್ತದೆ. ‘ಬದಲಾಗುವುದಿಲ್ಲ’ ಎನ್ನುವವರಲ್ಲಿ ಎರಡು ಬಗೆ ಇದ್ದಾರೆ. ‘ಪ್ರವಾಹ ಬಲ್ಬನ್ನು ದಾಟಿ ಆಗಿದೆ, ಆಮೇಲೆ ಏನಾದರೆ ಏನು’ ಎನ್ನುವವರು ಒಂದು. ‘ಬ್ಯಾಟರಿ ಕೊಡುವ ಪ್ರವಾಹ ಯಾವಾಗಲೂ ಅಷ್ಟೇ’ ಎನ್ನುವವರು ಇನ್ನೊಂದು. ಈ ಎರಡು ಕಾರಣಗಳನ್ನು ಎರಡು ಆಯ್ಕೆಗಳಾಗಿ ಕೊಡಿ. ಮೊದಲನೆಯವರಿಗೆ ರೋಧಕವನ್ನು ಬಲ್ಬಿನ ಹಿಂದೆ ಒಮ್ಮೆ, ಮುಂದೆ ಒಮ್ಮೆ ಇಟ್ಟು ತೋರಿಸಿದರೆ ಸಾಕು. ಎರಡನೆಯವರಿಗೆ ಅದು ನಾಟುವುದಿಲ್ಲ. ಅವರ ಕೈಯಲ್ಲಿ ಬೇರೆ ಬೇರೆ ರೋಧಕ ಕೊಟ್ಟು ಪ್ರವಾಹವನ್ನು ಅವರೇ ಅಳೆಯಬೇಕು.

ಬಲ್ಬಿನ ಎರಡೂ ಕಡೆ ಅಮ್ಮೀಟರ್ ಇಟ್ಟು ತೋರಿಸಿದೆ. ‘ನೋಡಿ ಸರ್, ಕಮ್ಮಿ ಆಯ್ತು’ ಅಂದ್ರು! ಈಗ?

ನನಗೂ ಆಗಿದೆ, ಆ ದಿನ ಬಹಳ ಬೇಸರವಾಗಿತ್ತು. ಶಾಲೆಯ ಪ್ರಯೋಗಾಲಯದ ಎರಡು ಮುಳ್ಳಿನ ಅಮ್ಮೀಟರುಗಳು ಅಪರೂಪಕ್ಕೆ ಒಂದೇ ಅಳತೆ ತೋರಿಸುತ್ತವೆ. ಒಂದರ ಮುಳ್ಳು ಸೊನ್ನೆಯಲ್ಲೇ ನಿಂತಿರುವುದಿಲ್ಲ. ಎರಡನೆಯದು ಸ್ವಲ್ಪ ಕಡಿಮೆ ತೋರಿಸಿದರೆ, ಪ್ರವಾಹ ಖರ್ಚಾಗುತ್ತದೆ ಎಂದು ಕಾಯುತ್ತಿದ್ದ ಮಕ್ಕಳಿಗೆ ಅದೇ ಸಾಕ್ಷಿ.

ಆಗ ಅಮ್ಮೀಟರುಗಳ ಜಾಗ ಅದಲು ಬದಲು ಮಾಡಿ. ಕಡಿಮೆ ತೋರಿಸುವುದು ಈಗ ಮೊದಲ ಜಾಗಕ್ಕೆ ಬರುತ್ತದೆ, ‘ಪ್ರವಾಹ ಬಲ್ಬಿನಲ್ಲಿ ಹೆಚ್ಚಾಯಿತೇ?’ ಎಂದು ಕೇಳಬಹುದು. ಇದಕ್ಕಿಂತ ಒಳ್ಳೆಯದು ಒಂದೇ ಅಮ್ಮೀಟರನ್ನು ಒಂದೊಂದೇ ಜಾಗಕ್ಕೆ ಸರಿಸುತ್ತಾ ಹೋಗುವುದು. ಮೂರು ಬಲ್ಬಿನ ಪ್ರಯೋಗದಲ್ಲೂ ಇದೇ ತೊಂದರೆ. ಅಂಗಡಿಯಲ್ಲಿ ಒಂದೇ ಪೆಟ್ಟಿಗೆಯಿಂದ ಕೊಂಡ ಟಾರ್ಚ್ ಬಲ್ಬುಗಳೂ ಸಮವಾಗಿ ಬೆಳಗುವುದಿಲ್ಲ. ಮಂಕಾಗಿರುವ ಬಲ್ಬನ್ನು ಜಾಗ ಬದಲಿಸಿ ಹಾಕಿದರೆ ಮಂಕು ಬಲ್ಬಿನ ಜೊತೆಗೇ ಹೋಗುತ್ತದೆ, ಜಾಗದಲ್ಲಿ ಉಳಿಯುವುದಿಲ್ಲ.

ತಪ್ಪು ಆಯ್ಕೆ ಅಷ್ಟೊಂದು ನಿಜದ ಹಾಗೆ ಇದ್ರೆ ಮಕ್ಕಳು ಅದನ್ನೇ ಕಲಿತುಬಿಡಲ್ವಾ?

ಕಲಿಯಬಹುದು, ಈ ಭಯಕ್ಕೆ ಆಧಾರವಿದೆ. ಹೆನ್ರಿ ರೋಡಿಗರ್ ಮತ್ತು ಎಲಿಜಬೆತ್ ಮಾರ್ಷ್ 2005ರಲ್ಲಿ ತೋರಿಸಿದಂತೆ, ಬಹು ಆಯ್ಕೆ ಪರೀಕ್ಷೆಯಲ್ಲಿ ಓದಿದ ತಪ್ಪು ಆಯ್ಕೆಗಳನ್ನು ಕೆಲವರು ಆಮೇಲೆ ತಮ್ಮ ಉತ್ತರವಾಗಿ ಬರೆಯುತ್ತಾರೆ. ರೋಡಿಗರ್ ಮತ್ತು ಆಂಡ್ರೂ ಬಟ್ಲರ್ 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸರಿ ಉತ್ತರ ತಿಳಿಸಿದಾಗ ಆ ಹಾನಿ ತಗ್ಗಿತು. ಹಾಗಾಗಿ ಉತ್ತರ ಪತ್ರಿಕೆಯನ್ನು ವಾರಗಟ್ಟಲೆ ಇಟ್ಟುಕೊಳ್ಳಬಾರದು. ಅದೇ ತರಗತಿಯಲ್ಲಿ, ಅಥವಾ ಮರುದಿನ, ಪ್ರತಿ ತಪ್ಪು ಆಯ್ಕೆಯೂ ಯಾಕೆ ನಿಲ್ಲುವುದಿಲ್ಲ ಎಂದು ಮಾತಾಡಿ. ‘ಸಿ ಸರಿ’ ಎಂದು ಹೇಳಿ ಮುಂದೆ ಹೋದರೆ, ಎ ಆರಿಸಿದ 17 ಮಕ್ಕಳ ಕಾರಣ ಹಾಗೇ ಉಳಿಯುತ್ತದೆ.

## ಇನ್ನೂ ಮುಂದೆ ಹೋದವರಿಗೆ

ಬ್ಯಾಟರಿ ಒಂದೇ ಪ್ರವಾಹ ಕೊಡುತ್ತೆ ಅನ್ನೋ ನಂಬಿಕೆಗೆ ಸಮಾಂತರ ಜೋಡಣೆಯಲ್ಲಿ ಪ್ರಶ್ನೆ ಹೇಗೆ ಬರೀಲಿ?

ಒಂದು ದಾರಿಯನ್ನು ಮುಚ್ಚಿಬಿಡಿ. 6 ವೋಲ್ಟಿನ ಬ್ಯಾಟರಿಗೆ 6 ಓಮ್ ಮತ್ತು 3 ಓಮ್ ರೋಧಕಗಳು ಸಮಾಂತರವಾಗಿವೆ. ಮೊದಲನೆಯದರಲ್ಲಿ 1 ಆಂಪಿಯರ್, ಎರಡನೆಯದರಲ್ಲಿ 2, ಬ್ಯಾಟರಿಯಿಂದ ಹೊರಡುವುದು 3. ಈಗ 3 ಓಮ್ ದಾರಿಯಲ್ಲಿರುವ ಸ್ವಿಚ್ ತೆರೆದರೆ 6 ಓಮ್‌ನಲ್ಲಿ ಎಷ್ಟು? ಬ್ಯಾಟರಿ 3 ಆಂಪಿಯರನ್ನೇ ಕೊಡುತ್ತದೆ ಎನ್ನುವವರು, ಅದೆಲ್ಲ ಉಳಿದ ದಾರಿಗೇ ನುಗ್ಗುತ್ತದೆ ಎಂದು 3 ಎನ್ನುತ್ತಾರೆ. ಸ್ವಿಚ್ ಎಲ್ಲಿ ತೆರೆದರೂ ಮಂಡಲ ಪೂರ್ತಿ ಸತ್ತಿತು ಎನ್ನುವವರು 0 ಎನ್ನುತ್ತಾರೆ. ಸರಿ ಉತ್ತರ 1. ಆ ರೋಧಕದ ತುದಿಗಳ ನಡುವೆ ಈಗಲೂ 6 ವೋಲ್ಟೇ ಇದೆ.

ಪ್ರಶ್ನೆಯಲ್ಲಿ ‘ಬ್ಯಾಟರಿಯ ತುದಿಗಳ ನಡುವಿನ ವಿಭವಾಂತರ 6 ವೋಲ್ಟೇ ಆಗಿ ಉಳಿಯುತ್ತದೆ’ ಎಂದು ಬರೆಯುವುದನ್ನು ಮರೆಯಬೇಡಿ. ಹಳೆಯ ಶುಷ್ಕಕೋಶದ ಒಳಗೇ ಗಣನೀಯ ರೋಧ ಇರುತ್ತದೆ. ಅದಕ್ಕೆ ಜೋಡಿಸಿದ ಎರಡು ಬಲ್ಬುಗಳಲ್ಲಿ ಒಂದನ್ನು ತೆಗೆದರೆ ಉಳಿದದ್ದು ಕಣ್ಣಿಗೆ ಕಾಣುವಷ್ಟು ಹೆಚ್ಚು ಬೆಳಗುತ್ತದೆ. ಮನೆಯಲ್ಲಿ ಮಾಡಿ ನೋಡಿದ ಮಗು ನಿಮ್ಮ ‘ಸರಿ’ ಉತ್ತರವನ್ನು ತಪ್ಪು ಎಂದರೆ, ಆ ಮಗು ಸುಳ್ಳು ಹೇಳುತ್ತಿಲ್ಲ.

ಚೆನ್ನಾಗಿ ಲೆಕ್ಕ ಮಾಡೋ ಮಕ್ಕಳ ತಪ್ಪು ಕಲ್ಪನೆ ಹೊರಗೆ ತರೋ ಪ್ರಶ್ನೆ ಇದೆಯಾ?

ಇದೆ, ನನಗೆ ಬಹಳ ಇಷ್ಟವಾದ ಪ್ರಶ್ನೆ. 6 ವೋಲ್ಟಿನ ಬ್ಯಾಟರಿ, ಒಂದು ಬಲ್ಬು, ಒಂದು ಸ್ವಿಚ್ ಸರಣಿಯಲ್ಲಿವೆ. ಸ್ವಿಚ್ ತೆರೆದಿದೆ, ಬಲ್ಬು ಉರಿಯುತ್ತಿಲ್ಲ. ಸ್ವಿಚ್ಚಿನ ಎರಡು ತುದಿಗಳಿಗೆ ವೋಲ್ಟ್‌ಮೀಟರ್ ಜೋಡಿಸಿದರೆ ಎಷ್ಟು ತೋರಿಸುತ್ತದೆ? ಆಯ್ಕೆಗಳು 0, 3, 6.

ಲೆಕ್ಕದಲ್ಲಿ ಗಟ್ಟಿಗರು 0 ಎನ್ನುತ್ತಾರೆ. ಪ್ರವಾಹ ಸೊನ್ನೆ, V = IR, ಆದ್ದರಿಂದ ವಿಭವಾಂತರವೂ ಸೊನ್ನೆ. ಸೂತ್ರ ಸರಿ, ಹಚ್ಚಿದ ಜಾಗ ತಪ್ಪು. ಆ ವಾದ ಬಲ್ಬಿಗೆ ಸಲ್ಲುತ್ತದೆ: ಬಲ್ಬಿನಲ್ಲಿ ಪ್ರವಾಹವಿಲ್ಲ, ಅದರ ತುದಿಗಳ ನಡುವೆ ವಿಭವಾಂತರವೂ ಇಲ್ಲ. ತೆರೆದ ಸ್ವಿಚ್ ಲೆಕ್ಕಕ್ಕೆ ಸಿಗುವ ರೋಧವಿರುವ ವಸ್ತುವಲ್ಲ, ಅದೊಂದು ಕಡಿದ ಜಾಗ. ಬಲ್ಬಿನಲ್ಲಿ ಏನೂ ಇಳಿಯದ ಮೇಲೆ ಬ್ಯಾಟರಿಯ 6 ವೋಲ್ಟ್ ಪೂರ್ತಿಯಾಗಿ ಆ ಕಡಿದ ಜಾಗದ ಎರಡು ಬದಿಗೆ ಬಂದು ನಿಂತಿದೆ. 3 ಆರಿಸಿದವರು ಇರುವ ವೋಲ್ಟನ್ನು ಎರಡು ವಸ್ತುಗಳಿಗೆ ಸಮವಾಗಿ ಹಂಚಿದ್ದಾರೆ.

ವಿಭವಾಂತರ ಇರಬೇಕಾದರೆ ಪ್ರವಾಹ ಹರಿಯುತ್ತಿರಲೇಬೇಕು ಎಂಬ ಈ ತಪ್ಪಿನ ಬೆಲೆ ಮನೆಯಲ್ಲಿ ದೊಡ್ಡದು. ಸ್ವಿಚ್ಚನ್ನು ಫೇಸ್ ತಂತಿಯಲ್ಲಿ ಹಾಕದೆ ನ್ಯೂಟ್ರಲ್ ತಂತಿಯಲ್ಲಿ ಹಾಕಿದ್ದಾರೆ ಎಂದುಕೊಳ್ಳಿ. ಸ್ವಿಚ್ ಆರಿಸಿದರೆ ಬಲ್ಬು ಆರುತ್ತದೆ, ಪ್ರವಾಹ ನಿಲ್ಲುತ್ತದೆ. ಆದರೆ ಹೋಲ್ಡರಿನ ಪಿನ್ನುಗಳಿಗೂ ನೆಲಕ್ಕೂ ನಡುವೆ 220 ವೋಲ್ಟ್ ಹಾಗೇ ಇರುತ್ತದೆ. ಬಲ್ಬು ಆರಿದೆ, ಕರೆಂಟ್ ಇಲ್ಲ ಎಂದು ಬೆರಳಿಟ್ಟವರ ಮೈ ಆ ಮಂಡಲವನ್ನು ಪೂರ್ಣಗೊಳಿಸುತ್ತದೆ. 0 ಆರಿಸಿದ ಮಕ್ಕಳಿಗೆ ಈ ಚಿತ್ರವನ್ನು ಬೋರ್ಡಿನ ಮೇಲೆ ಬರೆದು, ಟೆಸ್ಟರ್ ಎಲ್ಲೆಲ್ಲಿ ಬೆಳಗುತ್ತದೆ ಎಂದು ಅವರಿಂದಲೇ ಗುರುತು ಮಾಡಿಸುತ್ತೇನೆ. ಹೋಲ್ಡರನ್ನು ಮುಟ್ಟಿಸಿ ಕಲಿಸುವ ಪಾಠ ಇದಲ್ಲ, ಚಿತ್ರದಲ್ಲೇ ಮುಗಿಸಬೇಕು.